ಸರ್ವರೋಗಕ್ಕೂ ಒಂದೇ ಸೋಪು

ಮಾಣಿ: ಚಿಕ್ಕಮ್ಮ, ಲೇಬಲ್ ಬರೆದೆ, ಕೇಳಿ. ‘ರಾಸಾಯನಿಕವೇ ಇಲ್ಲದ ದಿವ್ಯ ಸೋಪು. ಕಜ್ಜಿ, ಇಸುಬು, ಮೊಡವೆ ಮಾಯ!’

ಚಿಕ್ಕಮ್ಮ: ಕಾಸ್ಟಿಕ್ ಸೋಡಾ ತಂದುಕೊಟ್ಟವ ನೀನೇ ಅಲ್ವನಾ? ಅದೆಂತ, ಪಾಯಸದ ಬೆಲ್ಲವಾ?

ಮಾಣಿ: ಸೋಪಾದ ಮೇಲೆ ಅದು ಉಳಿಯುವುದಿಲ್ಲವಲ್ಲ!

ಚಿಕ್ಕಮ್ಮ: ಲೆಕ್ಕ ಸರಿಯಿದ್ದರೆ ಉಳಿಯುವುದಿಲ್ಲ. ಆದರೆ ಅದಿಲ್ಲದೆ ಎಣ್ಣೆ ಸೋಪಾಗುವುದೂ ಇಲ್ಲ. ಇನ್ನು ಇಸುಬು ಗುಣವಾಗುತ್ತದೆ ಅಂತ ಬರೆದರೆ, 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಲೆಕ್ಕದಲ್ಲಿ ನಮ್ಮದು ಸೋಪಲ್ಲ, ಔಷಧ. ಅದಕ್ಕೆ ಬೇರೆಯೇ ಲೈಸೆನ್ಸ್ ಬೇಕು. ನಿನ್ನಲ್ಲಿ ಉಂಟಾ?

ಮಾಣಿ: ಹಾಗಾದರೆ ‘ಚರ್ಮಕ್ಕೆ ಸಮನಾದ ಪಿಎಚ್’ ಅನ್ನೋಣ.

ಚಿಕ್ಕಮ್ಮ: ಚರ್ಮದ್ದು ಸುಮಾರು 5, ಸೋಪಿನದ್ದು 9ರಿಂದ 10. ಎಂಥಾ ಸಮಾನತೆ ಮಾರಾಯ!

ಮಾಣಿ: ಹಾಗಾದರೆ ಬರೆಯುವುದೆಂತ? ಖಾಲಿ ಬಿಡುವುದಾ?

ಚಿಕ್ಕಮ್ಮ: ಇದ್ದದ್ದನ್ನು ಬರೆ. ತೆಂಗಿನೆಣ್ಣೆ ಸೋಪು ಗಡಸು ನೀರಲ್ಲೂ ನೊರೆ ಕೊಡುತ್ತದೆ. ಬೋರ್‌ವೆಲ್ ನೀರಿನವರಿಗೆ ಅದೇ ದೊಡ್ಡ ಸುದ್ದಿ. ಬರೀ ತೆಂಗಿನೆಣ್ಣೆಯದ್ದಾದರೆ ಚರ್ಮ ಒಣಗಿಸುತ್ತದೆ. ಅದಕ್ಕೇ ನಾವು ಶೇ. 20ರಷ್ಟು ಎಣ್ಣೆ ಸೋಪಾಗದೆ ಉಳಿಯುವ ಹಾಗೆ ಸೋಡಾ ಕಡಿಮೆ ಹಾಕುವುದು. ನಾಲ್ಕು ವಾರ ಒಣಗಿಸಿದ್ದನ್ನೂ ಹೇಳು.

ಮಾಣಿ ಹೊಸದಾಗಿ ಬರೆದ: ‘ಗಡಸು ನೀರಲ್ಲೂ ನೊರೆ. ಚರ್ಮ ಬಿಗಿಯದಿರಲೆಂದು ಹೆಚ್ಚುವರಿ ತೆಂಗಿನೆಣ್ಣೆ. ನಾಲ್ಕು ವಾರ ಒಣಗಿಸಿದ ಗಟ್ಟಿ ಸೋಪು. ನೀರು ನಿಲ್ಲದ ಡಬ್ಬಿಯಲ್ಲಿಡಿ. ಕಣ್ಣಿಗೆ ತಾಗಿದರೆ ಉರಿಯುತ್ತದೆ.’

ಮಾಣಿ: ಉರಿಯುತ್ತದೆ ಅಂದರೆ ಯಾರು ಕೊಳ್ಳುತ್ತಾರೆ ಚಿಕ್ಕಮ್ಮ?

ಚಿಕ್ಕಮ್ಮ: ಉರಿಯುವುದನ್ನು ಹೇಳಿದವರು ನೊರೆಯ ವಿಷಯದಲ್ಲೂ ಸುಳ್ಳು ಹೇಳಲಿಕ್ಕಿಲ್ಲ ಅಂತ ನಂಬುವವರು. ರೋಗ ಇದ್ದವರು ಡಾಕ್ಟರ ಹತ್ತಿರ ಹೋಗಲಿ. ಕೊಳೆ ಇದ್ದವರು ನಮ್ಮ ಹತ್ತಿರ ಬರಲಿ.