ಇಬ್ಬರೂ ಎಡಕ್ಕೇ ನೋಡಿದರೆ ಮಾತು ಯಾರ ಜೊತೆ?

ರಾಜ್ಯೋತ್ಸವಕ್ಕೆ ಕಿರುಚಿತ್ರ ಮಾಡಿಕೊಡುತ್ತೇನೆಂದು ನಾನು ಸಂಘದ ಸಭೆಯಲ್ಲಿ ಕೈ ಎತ್ತಿದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ. ಹಿಂದಿನ ವರ್ಷದ ಥ್ಯಾಂಕ್ಸ್‌ಗಿವಿಂಗ್ ಸೇಲ್‌ನಲ್ಲಿ ಕೊಂಡ ಕ್ಯಾಮೆರಾದ ಬಿಲ್ಲು ನಮ್ಮ ಮನೆಯಲ್ಲಿ ಇನ್ನೂ ಚರ್ಚೆಯ ಹಂತದಲ್ಲೇ ಇತ್ತು. ಅದಕ್ಕೊಂದು ಸಾರ್ವಜನಿಕ ಸಮರ್ಥನೆ ಬೇಕಾಗಿತ್ತು. ಹೊಡೆದಾಟವಿಲ್ಲ, ಹಾಡಿಲ್ಲ. ಊರಿಂದ ಬಂದ ಅಪ್ಪ, ಇಲ್ಲಿ ನೆಲೆಸಿದ ಮಗಳು, ಕೆರೆ ದಂಡೆಯಲ್ಲೊಂದು ಟೇಬಲ್ಲು. ‘ಊರಿಗೆ ಯಾವಾಗ ಬರ್ತೀಯ?’ ಅಂತ ಅವರು ಕೇಳುತ್ತಾರೆ, ಇವಳು ಮಾತು ಹಾರಿಸುತ್ತಾಳೆ. ನಾಲ್ಕೇ ನಿಮಿಷ. ಮಗಳ ಪಾತ್ರಕ್ಕೆ ನನ್ನ ಹೆಂಡತಿ. ಅಪ್ಪನ ಪಾತ್ರಕ್ಕೆ ಅವಳ ಅಪ್ಪನೇ. ಮಾವನವರು ಬ್ಯಾಂಕಿನಲ್ಲಿದ್ದಾಗ ಮೈಸೂರಿನ ಹವ್ಯಾಸಿ ನಾಟಕಗಳಲ್ಲಿ ಬಣ್ಣ ಹಚ್ಚಿದವರು. ಸಂಭಾವನೆಯ ತಲೆನೋವೂ ಇಲ್ಲ.

ಜಾಗ ಲೇಕ್ ಆನ್ ಪ್ಲಾಜಾ. ರೆಸ್ಟನ್ ಹುಟ್ಟಿದ್ದೇ ಅಲ್ಲಿ. ರಾಬರ್ಟ್ ಇ. ಸೈಮನ್ ಎಂಬಾತ ಮನೆತನದ ಸ್ವತ್ತಾಗಿದ್ದ ನ್ಯೂಯಾರ್ಕಿನ ಕಾರ್ನೆಗಿ ಹಾಲ್ ಮಾರಿದ ಹಣದಲ್ಲಿ 1961ರಲ್ಲಿ ಇಲ್ಲಿ 6,750 ಎಕರೆ ಕೊಂಡು, ತನ್ನ ಹೆಸರಿನ ಮೂರು ಮೊದಲಕ್ಷರಗಳನ್ನೇ ಊರಿಗಿಟ್ಟ. 101 ವರ್ಷ ಬದುಕಿ 2015ರಲ್ಲಿ ತೀರಿಕೊಂಡ. ಆತನ ಕಂಚಿನ ಪ್ರತಿಮೆ ಈಗಲೂ ಪ್ಲಾಜಾದ ಬೆಂಚಿನ ಮೇಲೆ ಕೂತಿದೆ. ಒಂದು ಕಡೆ ಅಂಗಡಿ ಸಾಲು, ಇನ್ನೊಂದು ಕಡೆ ಕೆರೆ, ನಡುವೆ ಟೇಬಲ್ಲುಗಳು. ಕ್ಯಾಮೆರಾ ಎಲ್ಲಿಟ್ಟರೂ ಚೆಂದ ಕಾಣುವ ಜಾಗ. ನನ್ನಂಥವನಿಗೆ ಇದಕ್ಕಿಂತ ಅಪಾಯಕಾರಿ ಜಾಗ ಇನ್ನೊಂದಿಲ್ಲ.

ಮೊದಲು ಅಂಗಡಿ ಕಡೆ ನಿಂತು, ಕೆರೆ ಹಿಂದೆ ಕಾಣುವಂತೆ ಇಬ್ಬರನ್ನೂ ಸೇರಿಸಿ ಮಾಸ್ಟರ್ ಶಾಟ್ ತೆಗೆದೆ. ಚೌಕಟ್ಟಿನಲ್ಲಿ ಮಾವ ಎಡಗಡೆ, ಬಲಕ್ಕೆ ಮುಖ. ಹೆಂಡತಿ ಬಲಗಡೆ, ಎಡಕ್ಕೆ ಮುಖ. ಆಮೇಲೆ ಸಜೆಷನ್ ಶಾಟು, ಅಂದರೆ ಒಬ್ಬರ ಹೆಗಲ ಮೇಲಿಂದ ಇನ್ನೊಬ್ಬರ ಮುಖ. ಮಾವನವರ ಬಲ ಹೆಗಲ ಹಿಂದೆ ನಿಂತು ಹೆಂಡತಿಯನ್ನು ಹಿಡಿದೆ. ಎಲ್ಲವೂ ಚೆನ್ನಾಗಿತ್ತು. ಅಷ್ಟರಲ್ಲಿ ಮೋಡ ಸರಿಯಿತು, ನೀರು ಫಳಫಳ ಹೊಳೆಯಿತು, ಆ ಹೊಳಪಿನ ಮುಂದೆ ಮಾವನವರ ಮುಖ ಇದ್ದಿಲಾಯಿತು. ನನಗೆ ಥಟ್ಟನೆ ಉಪಾಯ ಹೊಳೆಯಿತು. ಟ್ರೈಪಾಡ್ ಎತ್ತಿಕೊಂಡು ಟೇಬಲ್ಲು ಸುತ್ತಿ ಕೆರೆ ಕಡೆಗೆ ಹೋದೆ. ಹೆಂಡತಿಯ ಬಲ ಹೆಗಲ ಹಿಂದಿನಿಂದ ಮಾವನವರ ಮುಖಕ್ಕೆ ಗುರಿಯಿಟ್ಟೆ. ಬೆಳಕು ಮುಖದ ಮೇಲೆ ಬೆಣ್ಣೆ ಸವರಿದಂತೆ ಬಿತ್ತು. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ, ಮೆಚ್ಚಲು ಬೇರೆ ಯಾರೂ ಇರಲಿಲ್ಲ.

ರಾತ್ರಿ ಎಡಿಟಿಂಗಿಗೆ ಕೂತಾಗ ಏನೋ ವಿಚಿತ್ರ. ಮಾವನವರು ಎಡಕ್ಕೆ ನೋಡುತ್ತ ‘ಯಾವಾಗ ಬರ್ತೀಯ ಮಗಳೇ?’ ಅನ್ನುತ್ತಾರೆ. ಕಟ್. ಮಗಳೂ ಎಡಕ್ಕೇ ನೋಡುತ್ತ ‘ನೋಡೋಣಪ್ಪ’ ಅನ್ನುತ್ತಾಳೆ. ಅಪ್ಪ ಮಗಳು ಮಾತಾಡುತ್ತಿಲ್ಲ, ಇಬ್ಬರೂ ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಒಂದೇ ಬಸ್ಸಿಗೆ ಕಾಯುತ್ತಿದ್ದಾರೆ. ಸಾಲದ್ದಕ್ಕೆ, ಮಾಸ್ಟರ್ ಶಾಟಿನಲ್ಲಿ ಎಡಗಡೆ ಕೂತಿದ್ದ ಮಾವನವರು ಈ ಶಾಟಿನಲ್ಲಿ ಬಲಗಡೆಗೆ ಬಂದಿದ್ದರು. ಕಾಫಿ ಆರುವುದರೊಳಗೆ ಕುರ್ಚಿ ಬದಲಾಯಿಸಿದ ಹಾಗೆ.

ಗಾಂಧಿನಗರದಲ್ಲಿ ಸಹಾಯಕ ನಿರ್ದೇಶಕನಾಗಿರುವ ಗೆಳೆಯನಿಗೆ ಕ್ಲಿಪ್ ಕಳಿಸಿದೆ. ಫೋನು ಬಂತು. “ಲೈನ್ ಕ್ರಾಸ್ ಆಗಿದೆ ಗುರೂ. ಲುಕ್ ತಪ್ಪಿದೆ.”

“ಯಾವ ಲೈನು?”

ಆ ಕಡೆ ಸ್ವಲ್ಪ ಹೊತ್ತು ಮೌನ. ಕ್ಯಾಮೆರಾದ ಬೆಲೆ ಅವನಿಗೆ ಗೊತ್ತಿತ್ತು. ಆಮೇಲೆ ವಿವರಿಸಿದ. ಮಾತಾಡುವ ಇಬ್ಬರ ಕಣ್ಣಿಂದ ಕಣ್ಣಿಗೆ ಒಂದು ಗೆರೆ ಇದೆ ಅಂದುಕೋ. ಮೊದಲ ಶಾಟನ್ನು ಗೆರೆಯ ಯಾವ ಕಡೆಯಿಂದ ತೆಗೆದೆಯೋ, ದೃಶ್ಯ ಮುಗಿಯುವವರೆಗೂ ಕ್ಯಾಮೆರಾ ಆ ಕಡೆಯ ಅರ್ಧವೃತ್ತದಲ್ಲೇ ಓಡಾಡಬೇಕು. ಆಗ ಒಬ್ಬರದು ಯಾವಾಗಲೂ ಲುಕ್ ರೈಟು, ಇನ್ನೊಬ್ಬರದು ಲುಕ್ ಲೆಫ್ಟು. ಎದುರುಬದುರು ಕೂತಿದ್ದಾರೆಂದು ನೋಡುವವನು ನಂಬುವುದು ಅದರಿಂದಲೇ. ಹಿನ್ನೆಲೆ ಬದಲಾದರೆ ಕ್ಷಮಿಸುತ್ತಾನೆ, ಲುಕ್ ಬದಲಾದರೆ ತಲೆ ಕೆರೆದುಕೊಳ್ಳುತ್ತಾನೆ. “ಮಾವನ ಬಲ ಹೆಗಲಿಂದ ತೆಗೆದ್ಯಲ್ಲ, ಹಂಗಾದ್ರೆ ಹೆಂಡ್ತೀದು ಎಡ ಹೆಗಲೇ ಆಗಬೇಕಿತ್ತು. ಎರಡೂ ಹೆಗಲು ಗೆರೆಯ ಒಂದೇ ಕಡೆ ಬರಬೇಕು.”

ಜಪಾನಿನ ಓಝು ಈ ಗೆರೆಯನ್ನು ಕೇರ್ ಮಾಡಲೇ ಇಲ್ಲವಲ್ಲ ಎಂದು ನಾನು ವಾದಕ್ಕಿಳಿದೆ. 1953ರ ‘ಟೋಕಿಯೋ ಸ್ಟೋರಿ’ಯಲ್ಲಿ ಮಾತಾಡುವ ಇಬ್ಬರೂ ಒಂದೇ ಕಡೆ ನೋಡುವಂತೆ ಕಾಣುವುದುಂಟು. ಗೆಳೆಯ ಬಿಡಲಿಲ್ಲ. ಓಝು ಸಿನಿಮಾದ ಉದ್ದಕ್ಕೂ ಹಾಗೇ ಮಾಡುತ್ತಾನೆ. ಪಾತ್ರಗಳನ್ನು ಲೆನ್ಸಿನ ಬಳಿಯೇ ನೋಡಿಸುತ್ತಾನೆ. ಇಬ್ಬರ ತಲೆಯನ್ನೂ ಚೌಕಟ್ಟಿನ ಒಂದೇ ಜಾಗದಲ್ಲಿ, ಒಂದೇ ಗಾತ್ರದಲ್ಲಿ ಕೂರಿಸುತ್ತಾನೆ. ಕ್ಯೂಬ್ರಿಕ್ 1980ರ ‘ದಿ ಶೈನಿಂಗ್’ನ ಕೆಂಪು ಬಚ್ಚಲುಮನೆಯಲ್ಲಿ ಗೆರೆ ದಾಟಿದ್ದು ನೋಡುವವನ ತಲೆ ಕೆಡಿಸಬೇಕೆಂದೇ. “ನೀನು ದಾಟಿದ್ದು ಬಿಸಿಲಿಗೆ,” ಅಂದ.

ಅಷ್ಟಾದರೂ ಮತ್ತೆ ಶೂಟಿಂಗ್ ಎನ್ನುವ ಧೈರ್ಯ ನನಗಿರಲಿಲ್ಲ. ಎಡಿಟಿಂಗಿನಲ್ಲಿ ಚಿತ್ರವನ್ನು ಕನ್ನಡಿಯಂತೆ ತಿರುಗಿಸುವ ಗುಂಡಿ ಇದೆ. ಮಾವನವರ ಶಾಟುಗಳನ್ನಷ್ಟೇ ತಿರುಗಿಸಿದೆ. ಆಹಾ! ಎಡಗಡೆ ಬಂದರು, ಬಲಕ್ಕೆ ನೋಡಿದರು, ಮಗಳ ಕಣ್ಣಿಗೆ ಕಣ್ಣು ಕೂಡಿತು. ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಅತ್ತೆ ಕನ್ನಡಕ ಸರಿಮಾಡಿಕೊಂಡು ಕೇಳಿದರು, “ಇವಳ್ಯಾಕೆ ನಡುನಡುವೆ ಗುಜರಾತಿ ಥರ ಸೆರಗು ಹಾಕ್ಕೊಂಡಿದಾಳೆ?”

ಮುಂದೆ ಕಾಣುತ್ತಿದ್ದ ಹೆಂಡತಿಯ ಬೆನ್ನಿನಲ್ಲಿ ಸೆರಗು ಬಲ ಹೆಗಲಿಂದ ಇಳಿಬಿದ್ದಿತ್ತು. ಅವಳ ಮುಖದ ಶಾಟಿನಲ್ಲಿ ಎಡ ಹೆಗಲು, ಅಪ್ಪ ಮಾತಾಡಿದಾಗ ಬಲ ಹೆಗಲು, ಮತ್ತೆ ಎಡ. ಮಾವನವರ ವಾಚು ಬಲಗೈಗೆ ಏರಿತ್ತು, ಶರ್ಟಿನ ಜೇಬೂ ಬಲಕ್ಕೆ ಹೋಗಿತ್ತು. ಅವರ ಹಿಂದಿನ ಅಂಗಡಿ ಬೋರ್ಡು ಕನ್ನಡಿಯಲ್ಲಿ ಓದಿಸಿಕೊಳ್ಳಲು ಕಾಯುತ್ತಿತ್ತು. ಇಡೀ ಮನೆಯಲ್ಲಿ ಖುಷಿಪಟ್ಟವರು ಮಾವನವರೊಬ್ಬರೇ: “ನನಗೆ ಇದೇ ಸರಿ ಕಾಣ್ತದೆ ಅಳಿಯಂದ್ರೇ. ದಿನಾ ಕನ್ನಡೀಲಿ ನೋಡೋ ಮುಖ ಇದೇನೇ.” ಅವರು ಹೇಳಿದ್ದು ಸುಳ್ಳಲ್ಲ. ತಿರುಗಿಸಿದ ಮುಖ ಆ ಮುಖದ ಯಜಮಾನನಿಗೆ ಮಾತ್ರ ಪರಿಚಿತ, ಉಳಿದ ಊರಿಗೆಲ್ಲ ಅಪರಿಚಿತ.

ಗೆರೆಯ ವಿಷಯವನ್ನು ನಾನು ಕಾಗದದ ಮೇಲೆ ವೃತ್ತ, ಬಾಣ ಬರೆದು ವಿವರಿಸಲು ಹೊರಟಾಗ ಮಾವನವರೇ ತಡೆದರು. “ಇದಕ್ಕೆ ಇಷ್ಟೆಲ್ಲ ಯಾಕೆ? ಪ್ರೇಕ್ಷಕ ಕುರ್ಚಿ ಬಿಟ್ಟೆದ್ದು ಹಿಂದಿನ ಪರದೆ ಕಡೆಗೆ ಹೋಗಿ ನಿಂತ. ರಾಜ ಎಡಗಡೆ ಇದ್ದೋನು ಬಲಕ್ಕೆ ಹೋದ. ಅಷ್ಟೇ ತಾನೇ?” ಅಷ್ಟೇ. ನಾಟಕದಲ್ಲಿ ಟಿಕೆಟ್ ಕೊಂಡವನನ್ನು ಕಟ್ಟಿಹಾಕುವುದು ಕುರ್ಚಿ. ಸಿನಿಮಾದಲ್ಲಿ ಅವನನ್ನು ಹೊತ್ತು ತಿರುಗುವವನು ನಾನು, ನನ್ನನ್ನು ಕಟ್ಟಿಹಾಕುವವರಿಲ್ಲ.

ಮುಂದಿನ ಶನಿವಾರ ಅದೇ ಟೇಬಲ್ಲು, ಅದೇ ಸೀರೆ, ಅದೇ ಶರ್ಟು. ಎರಡು ಕುರ್ಚಿಗಳ ನೇರಕ್ಕೆ ನೆಲದ ಮೇಲೆ ನೀಲಿ ಟೇಪು ಅಂಟಿಸಿದೆ. ಅದರ ಎರಡೂ ತುದಿಯನ್ನು ಕುರ್ಚಿಗಳಾಚೆ ಉದ್ದಕ್ಕೆ ಎಳೆದೆ, ಏಕೆಂದರೆ ಸಜೆಷನ್ ಶಾಟಿಗೆ ಕುರ್ಚಿಯ ಹಿಂದೆ ನಿಂತಾಗಲೇ ಕಾಲು ಆಚೆ ಜಾರುವುದು. ಈ ಸಲ ಮಾವನವರ ಮುಖ ಕಪ್ಪಾದಾಗ ಕ್ಯಾಮೆರಾ ಕದಲಲಿಲ್ಲ. ಅತ್ತೆ ಬಿಳಿ ಥರ್ಮೋಕೋಲ್ ಹಿಡಿದು ನಿಂತು ಅವರ ಮುಖಕ್ಕೆ ಬೆಳಕು ತಿರುಗಿಸಿದರು. ಮೊದಲೇ ಹೊಳೆದಿದ್ದರೆ ಟೇಬಲ್ಲು ಸುತ್ತುವ ಕೆಲಸವೇ ಇರಲಿಲ್ಲ.

ಕ್ಲೋಸಪ್ಪಿನಲ್ಲಿ ಇನ್ನೊಂದು ಪಾಠ ಕಾದಿತ್ತು. ಹೆಂಡತಿಯದೊಂದೇ ಮುಖ ಸಾಕಲ್ಲ ಎಂದು ಮಾವನವರನ್ನು ವಿಶ್ರಾಂತಿಗೆ ಕಳಿಸಿ, ಅವರ ಮಾತನ್ನು ನಾನೇ ನಿಂತುಕೊಂಡು ಓದಿದೆ. ಪರದೆಯಲ್ಲಿ ನೋಡಿದರೆ ಅವಳು ಡಲ್ಲಸ್‌ಗೆ ಇಳಿಯುವ ವಿಮಾನಕ್ಕೆ ಉತ್ತರ ಕೊಡುತ್ತಿದ್ದಳು. ಕೂತಿರುವ ಅಪ್ಪನ ಕಣ್ಣು ಎಷ್ಟು ಎತ್ತರದಲ್ಲಿದೆಯೋ ಅಲ್ಲಿಗೇ ಮಗಳ ನೋಟ ಹೋಗಬೇಕು. ಬಗ್ಗಿ ಕೂತೆ. ಕೂತದ್ದು ಕ್ಯಾಮೆರಾದ ಬಲಕ್ಕೆ! ಅವಳ ಲುಕ್ ಬಲಕ್ಕೆ ತಿರುಗಿತು. ಗೆರೆ ದಾಟದೆಯೇ ಗೆರೆ ದಾಟಿದ ಫಲ ಸಿಕ್ಕಿತು. ಕೊನೆಗೆ ಮಾವನವರನ್ನೇ ಕರೆಸಿ, ಕ್ಯಾಮೆರಾದ ಎಡಕ್ಕೆ, ಲೆನ್ಸಿಗೆ ಆದಷ್ಟು ಹತ್ತಿರ ಕೂರಿಸಿದೆ. ಹತ್ತಿರವಿದ್ದಷ್ಟೂ ಅವಳ ಎರಡೂ ಕಣ್ಣು ಕಾಣುತ್ತವೆ. ದೂರ ಸರಿದರೆ ಒಂದು ಕಿವಿ, ಅರ್ಧ ಮೂಗು ಉಳಿಯುತ್ತದೆ. ಮಾವನವರದೇ ಬೇರೆ ತೊಂದರೆ. ಮುಖ್ಯವಾದ ಮಾತು ಬಂದಾಗಲೆಲ್ಲ ಮಗಳನ್ನು ಬಿಟ್ಟು ಲೆನ್ಸಿನ ಕಡೆ ತಿರುಗಿ ಹೇಳಿಬಿಡುತ್ತಿದ್ದರು. “ಹಿಂದಿನ ಸಾಲಿಗೂ ಕೇಳಬೇಕಲ್ಲ?”

ಗೆಳೆಯ ಹೇಳಿಕೊಟ್ಟ ಪರೀಕ್ಷೆಯನ್ನು ಈ ಸಲ ಅಲ್ಲೇ ಮಾಡಿದೆ. ಇಬ್ಬರ ಕ್ಲೋಸಪ್ಪಿನಿಂದ ಒಂದೊಂದು ಚಿತ್ರ ಫೋನಿಗೆ ತೆಗೆದುಕೊಂಡು, ಮಾಸ್ಟರ್ ಶಾಟಿನಲ್ಲಿ ಅವರು ಕೂತ ಕ್ರಮದಲ್ಲೇ ಅಕ್ಕಪಕ್ಕ ಇಡುವುದು. ಮೂಗು ಮೂಗಿಗೆ ಎದುರಾದರೆ ಸರಿ. ಎರಡು ಮೂಗೂ ಒಂದೇ ದಿಕ್ಕಿಗಿದ್ದರೆ ಟೇಬಲ್ಲು ಬಿಟ್ಟು ಏಳಬಾರದು. ಧ್ವನಿಯೂ ಬೇಡ, ಎಡಿಟಿಂಗೂ ಬೇಡ.

ಕೆರೆ ಕಡೆಯಿಂದ ತೆಗೆದ ಆ ಬೆಣ್ಣೆಯಂಥ ಬೆಳಕಿನ ಮೇಲಿನ ಆಸೆ ಮಾತ್ರ ಬಿಡಲಿಲ್ಲ. ಅದಕ್ಕೂ ದಾರಿ ಇದೆ: ಪ್ರೇಕ್ಷಕನ ಕಣ್ಣೆದುರೇ ದಾಟಬೇಕು. ದೃಶ್ಯದ ಕೊನೆಗೆ ಮಾವನವರು ಏಳುತ್ತಾರೆ, ಕ್ಯಾಮೆರಾ ಕಟ್ ಆಗದೆ ಅವರ ಹಿಂದೆಯೇ ಗೆರೆ ದಾಟಿ ಕೆರೆ ಕಡೆಗೆ ಬರುತ್ತದೆ, ಅವರು ಹೋಗಿ ಸೈಮನ್ ಪ್ರತಿಮೆಯ ಪಕ್ಕ ಬೆಂಚಿನ ಮೇಲೆ ಕೂರುತ್ತಾರೆ. ಪಾತ್ರಗಳು ಜಾಗ ಬದಲಿಸಿದರೆ ಗೆರೆಯೂ ಅವರ ಜೊತೆ ಹೊಸ ಜಾಗಕ್ಕೆ ಹೋಗುತ್ತದೆ. ಹೋಗುವುದನ್ನು ನೋಡಿದವನಿಗೆ ಗೊಂದಲವಿಲ್ಲ. ಆ ಬೆಂಚಿನ ಶಾಟು ಒಂದೇ ಟೇಕಿಗೆ ಓಕೆ ಆಯಿತು. ಸೈಮನ್ ಸಾಹೇಬರ ಲುಕ್ ಒಂದಿಂಚೂ ಕದಲಲಿಲ್ಲ, ಮಾವನವರಿಗೂ ಪಕ್ಕದವರನ್ನು ನೋಡಿ ಶಿಸ್ತು ಬಂತು.

ಸಂಘದಲ್ಲಿ ಚಿತ್ರ ತೋರಿಸಿದಾಗ ಗೆರೆಯ ಬಗ್ಗೆ ಒಬ್ಬರೂ ಚಕಾರವೆತ್ತಲಿಲ್ಲ. ಸೀರೆ ಎಲ್ಲಿ ಕೊಂಡಿದ್ದೆಂದು ನಾಲ್ಕಾರು ಜನ ಕೇಳಿದರು.

ನಿಮ್ಮಲ್ಲಿ ಯಾರಾದರೂ ಲೇಕ್ ಆನ್‌ನಲ್ಲಿ ಶೂಟಿಂಗಿಗೆ ಹೊರಟಿದ್ದರೆ ಮೊದಲೇ ಒಂದು ಮಾತು ತಿಳಿಸಿ. ಉಳಿದ ನೀಲಿ ಟೇಪು ಕೊಡುತ್ತೇನೆ. ಮಾವನವರ ವೀಸಾ ಇನ್ನೂ ಇದೆ, ಕಾಲ್‌ಶೀಟೂ ಖಾಲಿ ಇದೆ. ಲೆನ್ಸಿನ ಕಡೆ ನೋಡದಂತೆ ಕಾಯುವುದು ಮಾತ್ರ ನಿಮ್ಮ ಜವಾಬ್ದಾರಿ.