ನೀರನ್ನು ತಂದ ತಂಗಿ

‘ತಂಗಿ ಬಾವಿಯಿಂದ ನೀರು ತಂದಳು’ ಎಂದು ಬರೆದದ್ದಕ್ಕೆ ಎಂಟನೇ ಕ್ಲಾಸಿನ ನನ್ನ ಮೊಮ್ಮಗಳಿಗೆ ಅರ್ಧ ಅಂಕ ಖೋತಾ ಆಯಿತು. ‘ನೀರನ್ನು’ ಎಂದಿರಬೇಕಿತ್ತಂತೆ. ಕರ್ಮಪದಕ್ಕೆ ದ್ವಿತೀಯಾ ವಿಭಕ್ತಿ, ಅದರ ಪ್ರತ್ಯಯ ‘ಅನ್ನು’. ಇದು ನಾನೂ ಬೆಂಚಿನ ಮೇಲೆ ನಿಂತು ಕಲಿತ ನಿಯಮವೇ. ಅದಕ್ಕೆ ತಕರಾರು ತೆಗೆಯುವ ಉದ್ದೇಶ ನನಗಿರಲಿಲ್ಲ. ಆದರೆ ಅದರ ಕೆಳಗೆ ಕೆಂಪು ಶಾಯಿಯಲ್ಲಿ ಹೀಗಿತ್ತು: ‘ಪ್ರತ್ಯಯ ಬಿಟ್ಟಿದ್ದೀಯೆ. ತಪ್ಪು ತಿದ್ದಿ ಐದು ಸಲ ಬರೆ. ಪೋಷಕರ ಸಹಿ ಹಾಕಿಸಿ ತಾ.’

ಪ್ರತ್ಯಯ ಬಿಟ್ಟಿದ್ದೀಯೆ, ತಪ್ಪು ತಿದ್ದಿ, ಸಹಿ ಹಾಕಿಸಿ. ಮೂರು ಕರ್ಮಪದಗಳು, ಒಂದಕ್ಕೂ ‘ಅನ್ನು’ ಇಲ್ಲ! ಸಹಿ ಹಾಕುವಾಗ ನನಗೆ ನಗು ತಡೆಯಲಾಗಲಿಲ್ಲ. ಮೇಷ್ಟ್ರ ತಪ್ಪು ಹಿಡಿದೆನೆಂಬ ಖುಷಿಯಿಂದಲ್ಲ. ಅವರು ಬರೆದದ್ದು ಅಚ್ಚ ಕನ್ನಡ. ತಿದ್ದುವಾಗ ವ್ಯಾಕರಣದ ಪುಸ್ತಕ, ಬರೆಯುವಾಗ ತಾಯಿ ಕಲಿಸಿದ ಭಾಷೆ.

ನಿವೃತ್ತನಿಗೆ ಇಷ್ಟು ಸಾಕಲ್ಲ. ಹಳೆಯ ಡೈರಿಯೊಂದರಲ್ಲಿ ಎರಡು ಕಾಲಂ ಗೆರೆ ಎಳೆದೆ, ‘ಅನ್ನು’ ಇದ್ದದ್ದು ಒಂದು ಕಡೆ, ಇಲ್ಲದ್ದು ಇನ್ನೊಂದು ಕಡೆ. ಕಿವಿಗೆ ಬಿದ್ದದ್ದನ್ನೆಲ್ಲ ಬರೆಯುವುದು, ನನಗೆ ಬೇಕಾದದ್ದನ್ನು ಮಾತ್ರ ಆರಿಸಿಕೊಳ್ಳಬಾರದು ಎಂದು ಶಪಥವನ್ನೂ ಮಾಡಿದೆ. (‘ಶಪಥ ಮಾಡಿದೆ’ ಎಂದೇ ಬರೆಯುವವನಿದ್ದೆ. ಈಚೆಗೆ ನನ್ನ ಪೆನ್ನಿಗೂ ಸಂಕೋಚ ಹತ್ತಿಕೊಂಡಿದೆ.)

ಮೊದಲ ದಿನ ಒಂದು ತಪ್ಪು ಮಾಡಿದೆ. ಪಕ್ಕದ ಮನೆಯವರನ್ನು ನೇರವಾಗಿ ಕೇಳಿಬಿಟ್ಟೆ: ‘ನೀವು ನೀರು ತಾ ಅಂತೀರೋ, ನೀರನ್ನು ತಾ ಅಂತೀರೋ?’ ಅವರು ಪರೀಕ್ಷೆಗೆ ಕೂತವರಂತೆ ಗಂಟಲು ಸರಿಮಾಡಿಕೊಂಡು ‘ನೀರನ್ನು ತಾ ಅನ್ನೋದೇ ಸರಿ ಸಾರ್’ ಎಂದರು. ಎರಡು ನಿಮಿಷವಾಗಿರಲಿಲ್ಲ, ಒಳಕ್ಕೆ ತಿರುಗಿ ‘ಏ, ಸಾರ್ ಬಂದಿದ್ದಾರೆ, ಕಾಫಿ ತಾರೇ’ ಎಂದು ಕೂಗಿದರು. ನಾನು ಎರಡನೆಯದನ್ನು ಬರೆದುಕೊಂಡೆ. ಕೇಳಿದರೆ ಜನ ನಿಯಮ ಹೇಳುತ್ತಾರೆ. ಆಡುವುದು ಗೊತ್ತಾಗಬೇಕಾದರೆ ಬಾಯಿ ಮುಚ್ಚಿಕೊಂಡು ಕೂರಬೇಕು.

ಮೂರು ದಿನದಲ್ಲಿ ‘ಇಲ್ಲ’ದ ಕಾಲಂ ತುಂಬಿ ತುಳುಕಿತು. ಬಾಗಿಲು ಹಾಕು, ಹಾಲು ಕಾಯಿಸು, ದೀಪ ಹಚ್ಚು, ಎರಡು ಕಟ್ಟು ಸೊಪ್ಪು ಕೊಡಪ್ಪ. ಊಟವಂತೂ ಯಾರ ಬಾಯಲ್ಲೂ ‘ಊಟವನ್ನು’ ಆಗಲಿಲ್ಲ. ಹಾಗಾದರೆ ನಿಯಮವೇ ಸುಳ್ಳು ಎಂದು ತೀರ್ಪು ಕೊಡಲು ಹೊರಟಿದ್ದೆ. ಅಷ್ಟರಲ್ಲಿ ಇನ್ನೊಂದು ಕಾಲಂ ಕಡೆ ಕಣ್ಣು ಹೋಯಿತು. ಅದು ಚಿಕ್ಕದಾಗಿತ್ತು, ಆದರೆ ಬಲು ಶಿಸ್ತಿನದು. ಮಗೂನ ಎತ್ಕೋ. ಡಾಕ್ಟರನ್ನ ಕರೀರಿ. ಅಮ್ಮನ್ನ ಕೇಳು. ಎಲ್ಲ ಮನುಷ್ಯರೇ!

ಪ್ರತ್ಯಯ ಕಿತ್ತುಹಾಕಿ ನೋಡಿದೆ. ‘ಅಮ್ಮನ್ನ ಕೇಳು’ ಎಂದರೆ ಅಮ್ಮನ ಹತ್ತಿರ ವಿಚಾರಿಸು. ‘ಅಮ್ಮ ಕೇಳು’ ಎಂದರೆ ಅಮ್ಮನಿಗೇ ಹರಿಕಥೆ ಶುರು. ‘ಹುಡುಗನ್ನ ನೋಡಿದ’ದ ಹುಡುಗನಿಂದ ಬಾಲ ಕಿತ್ತರೆ ನೋಡಿಸಿಕೊಂಡವನು ನೋಡಿದವನಾಗಿಬಿಡುತ್ತಾನೆ. ನೀರಿಗೆ ಆ ಅಪಾಯವಿಲ್ಲ. ಎಷ್ಟೇ ಹೊತ್ತು ಬಿಟ್ಟರೂ ನೀರು ತಂಗಿಯನ್ನು ತರುವುದಿಲ್ಲ. ದನಕರು ಇವೆರಡರ ಮಧ್ಯೆ ಮೇಯುತ್ತಿದ್ದವು. ‘ಕುರಿ ಕಾಯ್ತಾನೆ’, ‘ನಾಯಿ ಸಾಕಿದ್ದಾರೆ’ ಎಂಬುದು ಸಲೀಸು. ‘ಮಕ್ಕಳು ಸಾಕಿದ್ದಾರೆ’ ಎಂದರೆ ಮಾತ್ರ ಮಕ್ಕಳೇ ಏನನ್ನೋ ಸಾಕಿದಂತೆ.

ಮನುಷ್ಯರಿಗೆ ‘ಅನ್ನು’ ಬೇಕೇಬೇಕು ಎಂದು ದಪ್ಪಕ್ಷರದಲ್ಲಿ ಬರೆದು ಅಡಿಗೆರೆ ಎಳೆದೆ. ಆ ಭಾನುವಾರ ನನ್ನಾಕೆಯ ತಮ್ಮ ಬಂದ. ‘ಭಾವ, ಮಗನಿಗೆ ಹೆಣ್ಣು ನೋಡೋಕೆ ಹಾಸನಕ್ಕೆ ಹೋಗಿದ್ವಿ.’ ನನ್ನ ಅಡಿಗೆರೆ ಅಲ್ಲೇ ಅಳಿಸಿತು. ಹೆಣ್ಣು ಮನುಷ್ಯಳಲ್ಲವೆ? ನನ್ನಾಕೆ ತಕ್ಷಣ ‘ಹುಡುಗೀನ ನೋಡಿದ್ರಾ? ಹೇಗಿದ್ದಾಳೆ?’ ಎಂದಳು. ಈಗ ಬಾಲ ಬಂತು. ‘ಹೆಣ್ಣು ನೋಡುವುದು’ ಉಪ್ಪಿಟ್ಟು ಕೇಸರಿಬಾತಿನ ಸಮೇತ ನಡೆಯುವ ಒಂದು ಕಾರ್ಯಕ್ರಮದ ಹೆಸರು, ಅದರಲ್ಲಿ ಇಂಥವಳೆಂದಿಲ್ಲ. ‘ಹುಡುಗೀನ’ ಅಂದಾಗ ಹಾಸನದ ಒಂದು ಮನೆಯಲ್ಲಿ ಕಾಫಿ ತಟ್ಟೆ ಹಿಡಿದು ಬಂದವಳು ಕಣ್ಮುಂದೆ ನಿಲ್ಲುತ್ತಾಳೆ.

ಈ ವಿನಾಯಿತಿ ಶಾಲೆಯ ವ್ಯಾಕರಣದಲ್ಲೇ ಇದೆ, ಸಮಾಸದ ಪಾಠದಲ್ಲಿ. ಮೈಯನ್ನು ತಡವಿ ‘ಮೈದಡವಿ’, ಕೈಯನ್ನು ಮುಗಿದು ‘ಕೈಮುಗಿದು’. ಕ್ರಿಯಾಸಮಾಸವಾದರೆ ‘ಅನ್ನು’ ಬಿದ್ದುಹೋಗಬಹುದು. ಆದರೆ ಇದು ತಂಗಿಯ ನೀರಿಗೂ ಅನ್ವಯವೇ? ನಡುವೆ ಒಂದು ಪದ ತೂರಿಸಿ ನೋಡಿದೆ. ‘ನೀರು ಸ್ವಲ್ಪ ಬೇಗ ತಾ’ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ‘ಹೆಣ್ಣು ಸ್ವಲ್ಪ ಬೇಗ ನೋಡಿ’ ಎಂದಾಗ ಬಾಮೈದ ನನ್ನನ್ನೇ ದಿಟ್ಟಿಸಿದ. ಹೆಣ್ಣು ಮತ್ತು ನೋಡು ಅಂಟಿಕೊಂಡಿವೆ, ನೀರು ಮತ್ತು ತಾ ಅಂಟಿಕೊಂಡಿಲ್ಲ. ನೀರಿಗೆ ಬೇರೆಯೇ ಕಾರಣ ಹುಡುಕಬೇಕು.

‘ಮನೆ ಹುಡುಕ್ತಿದ್ದೀನಿ’ ಅಂದರೆ ಬಾಡಿಗೆಗೆ ಯಾವುದಾದರೂ ಮನೆ ಸಿಕ್ಕೀತೇ ಎಂದು. ‘ಮನೇನ ಹುಡುಕ್ತಿದ್ದೀನಿ’ ಅಂದರೆ ವಿಳಾಸ ಹಿಡಿದು ಬೀದಿ ಅಲೆಯುತ್ತಿದ್ದೀರಿ, ಇಲ್ಲವೇ ನನ್ನ ವಯಸ್ಸಾಗಿದೆ. ‘ಅನ್ನು’ ಹತ್ತಿದರೆ ವಸ್ತು ಗೊತ್ತಾದದ್ದು ಎಂದು ಬರೆದುಕೊಂಡೆ. ತಿರುಗಿಸಿ ಹೇಳುವಂತಿಲ್ಲ. ‘ಕನ್ನಡಕ ಹುಡುಕ್ತಿದ್ದೀನಿ’ ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತೇನೆ, ಯಾವ ಕನ್ನಡಕವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು, ‘ಅನ್ನು’ ಮಾತ್ರ ಇಲ್ಲ. ಕನ್ನಡದ ಈ ದ್ವಿತೀಯೆಯೊಂದರ ಮೇಲೆಯೇ ಜೆಫ್ರಿ ಲಿಡ್ಜ್ ಎಂಬ ಅಮೆರಿಕದ ಭಾಷಾವಿಜ್ಞಾನಿ 2006ರಲ್ಲಿ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಉದ್ದದ ಲೇಖನ ಬರೆದಿದ್ದಾನೆ ಎಂದು ಆಮೇಲೆ ತಿಳಿಯಿತು. ನಮ್ಮ ಅರ್ಧ ಅಂಕಕ್ಕೆ ಅಷ್ಟು ಬೆಲೆ.

ಕರ್ಮಪದ ಕ್ರಿಯಾಪದದಿಂದ ದೂರ ಸರಿದರೂ ‘ಅನ್ನು’ ಬೇಕಾದೀತೆಂದು ಇನ್ನೊಂದು ಊಹೆ ಮಾಡಿದ್ದೆ. ‘ಬೆಕ್ಕು ಹಾಲು ಕುಡೀತು’, ಆದರೆ ‘ಹಾಲನ್ನ ಬೆಕ್ಕು ಕುಡೀತು’. ಎಷ್ಟು ಚೆನ್ನಾದ ಜೋಡಿ! ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಕೂಗು: ‘ರೀ, ಹಾಲೆಲ್ಲ ಬೆಕ್ಕು ಕುಡಿದುಬಿಡ್ತು!’ ಹಾಲೂ ಹೋಯಿತು, ಊಹೆಯೂ ಹೋಯಿತು. ನನ್ನ ಜೋಡಿ ನಾನೇ ಕೂತು ಹೊಸೆದದ್ದು, ಯಾರೂ ಆಡಿದ್ದಲ್ಲ.

ಮೇಷ್ಟ್ರನ್ನು ಕಂಡಾಗ ಅವರು ‘ಇದೆಲ್ಲ ಆಡುಮಾತು ಸಾರ್, ನಿಯಮ ಇರೋದು ಬರವಣಿಗೆಗೆ’ ಎಂದರು. ಮಾತಿನಲ್ಲಿ ತೂಕವಿತ್ತು. ಬರವಣಿಗೆಯಲ್ಲಿ ‘ಅನ್ನು’ ಹೆಚ್ಚು ಎಂಬುದಕ್ಕೆ ಈ ಪ್ರಬಂಧವೇ ಸಾಕ್ಷಿ. ಆದರೆ ಕೇಶಿರಾಜ 13ನೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದಾಗ ಸೂತ್ರ, ವೃತ್ತಿ ಕೊಟ್ಟು ಸುಮ್ಮನಾಗಲಿಲ್ಲ. ಕೆಳಗೆ ಪ್ರಯೋಗಗಳನ್ನು ಸಾಲಾಗಿ ಇಟ್ಟ, ಯಾವ ಕವಿಗಳ ಬಳಕೆ ತನಗೆ ಲಕ್ಷ್ಯವೆಂದು ಹೆಸರು ಹಿಡಿದು ಹೇಳಿದ. ಅವನಿಗೂ ಬರವಣಿಗೆಯದೇ ವ್ಯಾಕರಣ, ಆದರೂ ಬರೆದವರನ್ನು ಕೇಳದೆ ಬರೆಯಲಿಲ್ಲ. ಇಷ್ಟೆಲ್ಲ ಹೇಳಿ, ಕೆಂಪು ಶಾಯಿಯ ಮೂರು ವಾಕ್ಯ ತೋರಿಸಿದೆ. ಅವರು ಎರಡು ಸಲ ಓದಿ, ಜೋರಾಗಿ ನಕ್ಕು, ಅರ್ಧ ಅಂಕ ವಾಪಸು ಕೊಟ್ಟರು. ಅರ್ಧ ಅಂಕವನ್ನು ಎನ್ನಬೇಕೇ, ಬೇಡವೇ? ಕಳೆದುಹೋಗಿದ್ದ ಅದೇ ಅಂಕವಾದ್ದರಿಂದ ಎರಡೂ ನಡೆಯುತ್ತದೆ.

ಡೈರಿಯ ಕೊನೆಯ ನಮೂದು ನನ್ನಾಕೆಯದು. ಬಾಗಿಲಲ್ಲಿ ಚೀಲ ಹಿಡಿದು ನಿಂತು ಹೇಳಿದ್ದು: ‘ಆ ಡೈರೀನ ಅತ್ಲಾಗೆ ಇಟ್ಟು ಕರಿಬೇವು ತಗೊಂಡು ಬನ್ನಿ.’ ಒಂದೇ ವಾಕ್ಯ, ಎರಡು ಕಾಲಂ. ಬರೆದುಕೊಂಡೇ ಹೊರಟೆ, ಕರಿಬೇವು ಮರೆತು ಬಂದೆ.