ಕ್ಯಾಲೆಂಡರಿನ ಹಿಂಬದಿ

ಮಗನಿಗೆ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿತು. ರಾತ್ರಿ ಪಾಳಿ ಮುಗಿಸಿ ತಿ. ನರಸೀಪುರಕ್ಕೆ ಬರುವುದು ಕಷ್ಟ ಅಂತ ಅಲ್ಲೇ ಬಾಡಿಗೆ ಮನೆ ಹಿಡಿದ. ಮನೆಯಲ್ಲಿದ್ದಷ್ಟು ದಿನ ಕುಡಿದ ಲೋಟವನ್ನು ಸಿಂಕಿನವರೆಗೆ ಒಯ್ಯದ ಮಗ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ವಾರದ ಕೆಲಸ, ತಿಂಗಳ ಕೆಲಸ ಅಂತ ಗೆರೆ ಹೊಡೆದು ಬರೆದುಕೊಟ್ಟೆ.

ಮೊದಲ ಸಾಲು: ಯಾವತ್ತೂ ಮೇಲಿನಿಂದ ಕೆಳಕ್ಕೆ. ಜೇಡರ ಬಲೆ, ಕಿಟಕಿ, ಆಮೇಲೆ ಕಸ ಗುಡಿಸು, ಕೊನೆಗೆ ನೆಲ ಒರೆಸು. ತಿಂಗಳಿಗೊಮ್ಮೆ ಫ್ಯಾನು. ಸ್ವಿಚ್ ಆರಿಸಿ, ಹಳೇ ದಿಂಬಿನ ಕವರನ್ನು ರೆಕ್ಕೆಗೆ ತೊಡಿಸಿ, ಒತ್ತಿ ಹಿಡಿದು ಎಳೆದರೆ ಧೂಳೆಲ್ಲ ಕವರಿನೊಳಗೇ ಬೀಳುತ್ತದೆ, ಹಾಸಿಗೆ ಮೇಲಲ್ಲ. ಇದನ್ನು ಬರೆಯುವಾಗ ನನ್ನ ನೆತ್ತಿಯ ಮೇಲಿದ್ದ ಫ್ಯಾನಿನ ರೆಕ್ಕೆ ಯಾವ ಬಣ್ಣದ್ದು ಅಂತ ನನಗೇ ಮರೆತುಹೋಗಿತ್ತು.

ಬಚ್ಚಲ ವಿಷಯಕ್ಕೆ ಕೆಂಪು ಇಂಕು ಹಚ್ಚಿದೆ. ಕಕ್ಕಸಿಗೆ ಹಾಕುವ ಆಸಿಡ್ ಲಿಕ್ವಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಒಟ್ಟಿಗೆ ಹಾಕಕೂಡದು, ಹೇಗೆ ಗೊತ್ತು ಅಂತ ಕೇಳಕೂಡದು. ಒಂದು ದೀಪಾವಳಿಗೆ ಎರಡೂ ಸುರಿದರೆ ಎರಡರಷ್ಟು ಬಿಳುಪಾದೀತು ಅಂತ ಲೆಕ್ಕ ಹಾಕಿದ್ದೆ. ಘಾಟು ಎದ್ದಿದ್ದೇ ತಡ, ಕಣ್ಣಲ್ಲಿ ನೀರು, ಗಂಟಲಲ್ಲಿ ಉರಿ. ಪೊರಕೆ ಬಿಸಾಕಿ ಬೀದಿಗೆ ಓಡಿದೆ. ಅದು ಕ್ಲೋರಿನ್ ಗ್ಯಾಸು ಅಂತ ಆಮೇಲೆ ಹೇಳಿದವನು ಇದೇ ಮಗ.

ಎರಡು ವಾರಕ್ಕೆ ಫೋನು ಬಂತು. "ಅಮ್ಮಾ, ನಲ್ಲಿ ಮೇಲೆ ಬೆಳ್ಳಗೆ ಕಟ್ಕೊಂಡಿದೆ. ಹಲ್ಲುಪುಡಿ ಹಾಕಿ ಉಜ್ಜಿದೆ, ಹೋಗ್ತಾ ಇಲ್ಲ."

ನಂಜನಗೂಡಿನ ಹಲ್ಲುಪುಡಿಯಲ್ಲಿ ನಾನು ದೇವರ ದೀಪ ಬೆಳಗುವುದನ್ನು ನೋಡಿ ಬೆಳೆದವನು, ಪಾಪ. "ಅದು ಕೊಳೆ ಅಲ್ಲ ಕಣೋ, ಬೋರ್‌ವೆಲ್ ನೀರಿನ ಸುಣ್ಣ. ಉಜ್ಜಿದರೆ ಹೋಗಲ್ಲ, ಹುಳಿಗೆ ಕರಗಬೇಕು. ನಿಂಬೆರಸದಲ್ಲಿ ಬಟ್ಟೆ ನೆನೆಸಿ ನಲ್ಲಿಗೆ ಸುತ್ತು. ಅರ್ಧ ಗಂಟೆ ಬಿಟ್ಟು ಬ್ರಶ್ಶಲ್ಲಿ ತಿಕ್ಕಿ ತೊಳಿ. ಆಮೇಲೆ ದಿನಾ ಸ್ನಾನ ಆದ್ಮೇಲೆ ಒಣಬಟ್ಟೇಲಿ ಒರೆಸು. ನೀರು ನಿಂತು ಆರಿದರೆ ತಾನೆ ಸುಣ್ಣ ಕಟ್ಟೋದು? ಗ್ರಾನೈಟ್ ಇರಲಿ, ಮಾರ್ಬಲ್ ಇರಲಿ, ಕಲ್ಲಿನ ಮೇಲೆ ಮಾತ್ರ ಹುಳಿ ಬೀಳಿಸಬೇಡ, ಮಂಕಾಗುತ್ತೆ."

ತಿಂಗಳ ಕೊನೆಗೆ ಬಸ್ಸು ಹತ್ತಿ ತನಿಖೆಗೆ ಹೋದೆ. ನಲ್ಲಿಯಲ್ಲಿ ನನ್ನ ಮುಖ ಕಂಡಿತು. ಶವರಿನ ತಲೆಗೆ ವಿನಿಗರ್ ತುಂಬಿದ ಪ್ಲಾಸ್ಟಿಕ್ ಕವರ್ ಕಟ್ಟಿ, ರಬ್ಬರ್ ಬ್ಯಾಂಡ್ ಹಾಕಿದ್ದ. ಅದು ನನ್ನ ಪಟ್ಟಿಯಲ್ಲೇ ಇರಲಿಲ್ಲ. ತಪ್ಪು ಹುಡುಕಲೆಂದೇ ಕುರ್ಚಿ ಹತ್ತಿ ಫ್ಯಾನಿನ ಮೇಲೆ ಬೆರಳಾಡಿಸಿದೆ. ಬೆರಳು ಹೋದಷ್ಟೇ ಬೆಳ್ಳಗೆ ವಾಪಸು ಬಂತು. ಬಂದ ಖರ್ಚಾದರೂ ಹುಟ್ಟಲಿ ಅಂತ ಚಪ್ಪಲಿ ಜೋಡಿಸಿದ್ದು ಸರಿಯಿಲ್ಲ ಎಂದೆ.

ಮುಂದಿನ ಭಾನುವಾರ ಅವನು ಮನೆಗೆ ಬಂದ. ಊಟ ಮುಗಿಸಿ ಅಂಗಾತ ಮಲಗಿದವನು ಬಹಳ ಹೊತ್ತು ಮೇಲೆ ನೋಡಿದ.

"ಅಮ್ಮಾ, ಹಳೇ ದಿಂಬಿನ ಕವರ್ ಇದ್ಯಾ?"

"ಈಗ ಬೇಡ ಕಣೋ," ಎಂದೆ. "ಈಗ ತಾನೆ ನೆಲ ಒರೆಸಿದೀನಿ."